ಉಲ್ಲೇಖವೂ ಆಕರಸೂಚಿಯೂ: ಶೋಧನಕ್ರಮದ ವಿಮರ್ಶೆ

ಸಂಶೋಧನ ಪ್ರಬಂಧವೊಂದು ಅಚ್ಚಿಗೆ ಸಿದ್ಧವಾಗುವಾಗ ಅದರೊಳಗಿನ ಉಲ್ಲೇಖಗಳನ್ನೂ ಕೊನೆಯಲ್ಲಿರುವ ಆಕರಸೂಚಿಯನ್ನೂ ಪರಿಶೀಲಿಸುವುದು ರೂಢಿ. ಈ ಕಾರ್ಯದಲ್ಲಿ ಎರಡು ಬಗೆಯ ದೋಷಗಳನ್ನು ಹುಡುಕುತ್ತಾರೆ. ಮೊದಲನೆಯದು ಶೈಲಿಯ ಸಂಕರ. ಒಂದೇ ಪ್ರಬಂಧದಲ್ಲಿ ಎರಡು ಮೂರು ಬಗೆಯ ಉಲ್ಲೇಖಪದ್ಧತಿಗಳು ಬೆರೆತಿರುವುದು. ಎರಡನೆಯದು ಲೋಪ, ಒಳಗೆ ಉಲ್ಲೇಖಗೊಂಡ ಗ್ರಂಥವು ಸೂಚಿಯಲ್ಲಿ ಇಲ್ಲದಿರುವುದು. ಸಾಮಾನ್ಯವಾಗಿ ಮೊದಲು ಶೈಲಿಯನ್ನು ಏಕರೂಪಕ್ಕೆ ತಂದು, ಆಮೇಲೆ ಲೋಪಗಳನ್ನು ಹುಡುಕಲಾಗುತ್ತದೆ. ಈ ಕ್ರಮವು ತಲೆಕೆಳಗಾದುದು. ಶೈಲಿಯ ಸಂಕರವನ್ನು ಮೊದಲೇ ಅಳಿಸಿಬಿಟ್ಟರೆ, ಲೋಪವನ್ನು ತೋರಿಸಿಕೊಡಬಹುದಾಗಿದ್ದ ಸಾಕ್ಷ್ಯವೇ ಅಳಿದುಹೋಗುತ್ತದೆ.

ಹಸ್ತಪ್ರತಿಗಳ ವ್ಯಾಸಂಗದಲ್ಲಿ ಪಳಗಿದವರಿಗೆ ಈ ಮಾತು ಹೊಸದಲ್ಲ. ಲಿಪಿಕಾರನ ಸ್ಖಾಲಿತ್ಯವು ಕೇವಲ ತಿದ್ದಬೇಕಾದ ತಪ್ಪಲ್ಲ. ಆ ಪ್ರತಿ ಯಾವ ಮಾತೃಕೆಯಿಂದ ಇಳಿದುಬಂದಿತೆಂಬುದಕ್ಕೆ ಅದೇ ಗುರುತು. ಎರಡು ಪ್ರತಿಗಳಲ್ಲಿ ಒಂದೇ ಸ್ಥಾನದಲ್ಲಿ ಒಂದೇ ವಿಚಿತ್ರ ತಪ್ಪು ಕಂಡರೆ ಅವೆರಡರ ಸಂಬಂಧ ತಿಳಿಯುತ್ತದೆ. ಪ್ರಬಂಧದ ಉಲ್ಲೇಖಗಳಿಗೂ ಇದೇ ನ್ಯಾಯ ಸಲ್ಲುತ್ತದೆ. ಹತ್ತು ಉಲ್ಲೇಖಗಳು ಒಂದು ರೀತಿಯಲ್ಲಿದ್ದು ಹನ್ನೊಂದನೆಯದು ಮಾತ್ರ ಬೇರೆ ರೀತಿಯಲ್ಲಿದ್ದರೆ, ಆ ಹನ್ನೊಂದನೆಯದು ಬೇರೆ ಕಡೆಯಿಂದ ಬಂದುದಾಗಿರಬಹುದೆಂಬ ಶಂಕೆಗೆ ಎಡೆಯುಂಟು.

ಇಂದಿನ ಪ್ರಬಂಧಗಳಲ್ಲಿ ಮುಖ್ಯವಾಗಿ ಎರಡು ಪದ್ಧತಿಗಳು ಬೆರೆಯುತ್ತವೆ. ಒಂದು ಅಡಿಟಿಪ್ಪಣಿಯ ಪದ್ಧತಿ; ಅದರಲ್ಲಿ ಗ್ರಂಥದ ಹೆಸರು, ಸಂಪಾದಕರ ಹೆಸರು, ಸ್ಥಳ, ಪುಟ ಎಲ್ಲವೂ ಟಿಪ್ಪಣಿಯಲ್ಲಿಯೇ ಬರುತ್ತವೆ. ಇನ್ನೊಂದು ಕರ್ತೃ-ವರ್ಷ ಪದ್ಧತಿ. ಅದರಲ್ಲಿ ವಾಕ್ಯದೊಳಗೆ ಕಂಸದಲ್ಲಿ ಕರ್ತೃವಿನ ಹೆಸರನ್ನೂ ಪ್ರಕಟಣ ವರ್ಷವನ್ನೂ ಮಾತ್ರ ಕೊಟ್ಟು, ಉಳಿದ ವಿವರಗಳನ್ನು ಸೂಚಿಗೆ ಬಿಡಲಾಗುತ್ತದೆ. ಈ ಎರಡನೆಯ ಪದ್ಧತಿಯ ಮೂಲವನ್ನು ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ೧೮೮೧ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಗುರುತಿಸುತ್ತಾರೆ. ವಿಜ್ಞಾನದ ಬರಹದಲ್ಲಿ ಕರ್ತೃವೂ ವರ್ಷವೂ ಸ್ಪಷ್ಟವಾಗಿರುವುದರಿಂದ ಅಲ್ಲಿ ಅದು ಚೆನ್ನಾಗಿ ಹೊಂದುತ್ತದೆ. ಪ್ರಾಚೀನ ಗ್ರಂಥಗಳಲ್ಲಾದರೋ ಕರ್ತೃವಿನ ಕಾಲ ಒಂದು, ಮುದ್ರಣದ ವರ್ಷ ಮತ್ತೊಂದು. ಕರ್ತೃಗಳ ಹೆಸರುಗಳೂ ಪುನರುಕ್ತವಾಗುತ್ತವೆ. ಇವೆರಡರ ಜೊತೆಗೆ ಗ್ರಂಥನಾಮದ ಸಂಕ್ಷೇಪವನ್ನೂ ಅಧ್ಯಾಯ-ಸೂತ್ರ ಅಥವಾ ಗಾಥೆಯ ಸಂಖ್ಯೆಯನ್ನೂ ಕೊಡುವ ಶಾಸ್ತ್ರಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಹೀಗೆ ಜೈನವಾಙ್ಮಯದ ಪ್ರಬಂಧವೊಂದರಲ್ಲಿ ಮೂರು ಪದ್ಧತಿಗಳು ಸೇರುವುದು ಸಹಜವೇ ಆಗಿದೆ.

ಕ್ರಮವನ್ನು ವಿವರಿಸುವುದಕ್ಕಾಗಿ ಒಂದು ಮಾದರಿಯನ್ನು ಕಲ್ಪಿಸಿಕೊಳ್ಳಬಹುದು. ಸಮಂತಭದ್ರಾಚಾರ್ಯರ ಕೀರ್ತಿಯು ನಂತರದ ಗ್ರಂಥಗಳಲ್ಲಿಯೂ ಶಾಸನಗಳಲ್ಲಿಯೂ ಹೇಗೆ ಬೆಳೆದುಬಂದಿತೆಂಬುದು ಆ ಪ್ರಬಂಧದ ವಿಷಯವೆನ್ನೋಣ. ಅದರಲ್ಲಿ ಜಿನಸೇನರ ಪುರಾಣ, ಶ್ರವಣಬೆಳ್ಗೊಳದ ಮಲ್ಲಿಷೇಣಪ್ರಶಸ್ತಿ, ತತ್ತ್ವಾರ್ಥಸೂತ್ರ, ಆ. ನೇ. ಉಪಾಧ್ಯೆಯವರ ಪ್ರವಚನಸಾರದ ಪೀಠಿಕೆ ಇವು ಉಲ್ಲೇಖಗೊಂಡಿವೆ. ಶೋಧಕನು ಮೊದಲು ಮಾಡಬೇಕಾದುದು ಸೂಚಿಯನ್ನು ನೋಡದೆಯೇ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಪ್ರತಿಯೊಂದು ಉಲ್ಲೇಖವನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದುಕೊಳ್ಳುವುದು. ಬರೆಯುವಾಗ ಒಂದು ಅಕ್ಷರವನ್ನೂ ತಿದ್ದಬಾರದು. ‘ಪುಟ’ ಎಂದಿದ್ದರೆ ಪುಟ, ‘ಪು.’ ಎಂದಿದ್ದರೆ ಪು. ಹಾಗೆಯೇ ಉಳಿಯಬೇಕು. ಚೀಟಿಯ ಮೂಲೆಯಲ್ಲಿ ಪ್ರಬಂಧದ ಯಾವ ಪುಟದಲ್ಲಿ ಅದು ಬಂದಿತೆಂಬುದನ್ನು ಗುರುತಿಸಬೇಕು. ಅನಂತರ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ಸೂಚಿಯೊಡನೆ ಒಂದೊಂದಾಗಿ ಹೋಲಿಸಬೇಕು.

ಮಾದರಿಯ ಪ್ರಬಂಧದಲ್ಲಿ ಜಿನಸೇನರ ಹೆಸರಿನ ಎರಡು ಚೀಟಿಗಳು ದೊರೆಯುತ್ತವೆ. ಮೂರನೆಯ ಪುಟದ ಚೀಟಿಯಲ್ಲಿ ‘ಜಿನಸೇನ ೧೯೫೧, ಪರ್ವ ೧’ ಎಂದಿದೆ. ಏಳನೆಯ ಪುಟದ ಚೀಟಿಯಲ್ಲಿ ವರ್ಷವಿಲ್ಲದೆ ‘ಜಿನಸೇನ, ಸರ್ಗ ೧’ ಎಂದಷ್ಟೇ ಇದೆ. ಸೂಚಿಯಲ್ಲಿ ಜಿನಸೇನರ ಹೆಸರಿನಲ್ಲಿರುವುದು ಒಂದೇ ನಮೂದು: ಪನ್ನಾಲಾಲ ಜೈನರು ಸಂಪಾದಿಸಿ ಭಾರತೀಯ ಜ್ಞಾನಪೀಠವು ೧೯೫೧ರಲ್ಲಿ ಪ್ರಕಟಿಸಿದ ಆದಿಪುರಾಣ. ಶೈಲಿಯನ್ನು ಮೊದಲು ಸರಿಪಡಿಸುವವನು ಇಲ್ಲಿ ಏನು ಮಾಡುತ್ತಾನೆಂಬುದನ್ನು ಊಹಿಸುವುದು ಕಷ್ಟವಲ್ಲ. ಎರಡನೆಯ ಉಲ್ಲೇಖಕ್ಕೆ ವರ್ಷ ಬಿಟ್ಟುಹೋಗಿದೆಯೆಂದು ಭಾವಿಸಿ ೧೯೫೧ ಎಂದು ಸೇರಿಸುತ್ತಾನೆ. ‘ಪರ್ವ’ ‘ಸರ್ಗ’ಗಳ ಭೇದವು ಅನಾವಶ್ಯಕವೆಂದು ಎರಡನ್ನೂ ತೆಗೆದು ‘೧’ ಎಂಬ ಅಂಕಿಯನ್ನು ಮಾತ್ರ ಉಳಿಸುತ್ತಾನೆ. ಈಗ ಎರಡೂ ಒಂದೇ ರೂಪದಲ್ಲಿವೆ. ಎರಡಕ್ಕೂ ಸೂಚಿಯಲ್ಲಿ ನಮೂದು ಇದೆ. ಪರಿಶೀಲನೆ ಮುಗಿಯಿತೆಂದು ತೋರುತ್ತದೆ.

ವಾಸ್ತವದಲ್ಲಿ ಆ ಎರಡು ಚೀಟಿಗಳು ಇಬ್ಬರು ಬೇರೆ ಬೇರೆ ಆಚಾರ್ಯರಿಗೆ ಸೇರಿದವು. ಆದಿಪುರಾಣವು ಪರ್ವಗಳಾಗಿ ವಿಭಾಗಗೊಂಡಿದೆ. ಸರ್ಗಗಳಾಗಿ ವಿಭಾಗಗೊಂಡಿರುವುದು ಹರಿವಂಶಪುರಾಣ. ಅದರ ಕರ್ತೃಗಳು ಪುನ್ನಾಟಸಂಘದ ಜಿನಸೇನರು. ಅವರು ಅದನ್ನು ಶಕ ೭೦೫ರಲ್ಲಿ, ಎಂದರೆ ಕ್ರಿ.ಶ. ೭೮೩ರಲ್ಲಿ ಪೂರ್ಣಗೊಳಿಸಿದರು. ಆದಿಪುರಾಣದ ಜಿನಸೇನರು ವೀರಸೇನರ ಶಿಷ್ಯರು. ಶಕ ೭೫೯ರಲ್ಲಿ, ಎಂದರೆ ಕ್ರಿ.ಶ. ೮೩೭ರಲ್ಲಿ ಜಯಧವಳೆಯನ್ನು ಮುಗಿಸಿದವರು. ಮೊದಲನೆಯವರು ತಮ್ಮ ಪುರಾಣದ ಆರಂಭದಲ್ಲಿ ಎರಡನೆಯವರನ್ನು ಸ್ಮರಿಸಿರುವುದೂ ಉಂಟು. ಹರಿವಂಶಪುರಾಣವನ್ನು ಕೂಡ ಪನ್ನಾಲಾಲ ಜೈನರೇ ಸಂಪಾದಿಸಿದರು, ಭಾರತೀಯ ಜ್ಞಾನಪೀಠವೇ ೧೯೬೨ರಲ್ಲಿ ಪ್ರಕಟಿಸಿತು. ಕರ್ತೃವಿನ ಹೆಸರು, ಸಂಪಾದಕರು, ಪ್ರಕಾಶಕರು ಮೂರೂ ಒಂದೇ ಆದುದರಿಂದ ಒಂದು ನಮೂದು ಇನ್ನೊಂದನ್ನು ಮರೆಮಾಡುವುದಕ್ಕೆ ಎಲ್ಲ ಅನುಕೂಲವೂ ಇದೆ.

ಇದರಿಂದ ಆಗುವ ಹಾನಿ ಬರಿಯ ಸೂಚಿಗೆ ಸೀಮಿತವಲ್ಲ. ಸಮಂತಭದ್ರರ ಸ್ತುತಿಯು ಎರಡು ಪುರಾಣಗಳ ಆರಂಭಭಾಗದಲ್ಲಿಯೂ ಇದೆ. ಆದರೆ ಜೀವಸಿದ್ಧಿ, ಯುಕ್ತ್ಯನುಶಾಸನ ಎಂಬ ಕೃತಿನಾಮಗಳ ಸೂಚನೆ ಇರುವುದು ಹರಿವಂಶಪುರಾಣದಲ್ಲಿ. ಕ್ರಿ.ಶ. ೭೮೩ರ ವೇಳೆಗೆ ಯುಕ್ತ್ಯನುಶಾಸನವು ಸಮಂತಭದ್ರರ ಕೃತಿಯೆಂದು ಪ್ರಸಿದ್ಧವಾಗಿತ್ತೆಂದು ಪ್ರಬಂಧಕಾರರು ವಾದಿಸಿದ್ದರೆ, ಆ ವಾದದ ಆಧಾರವೇ ಏಳನೆಯ ಪುಟದ ಆ ಉಲ್ಲೇಖ. ಏಕರೂಪಗೊಂಡ ಉಲ್ಲೇಖವನ್ನು ನಂಬಿ ಓದುಗನು ಆದಿಪುರಾಣದ ಮೊದಲ ಪರ್ವವನ್ನು ತೆರೆದರೆ ಅಲ್ಲಿ ಸಮಂತಭದ್ರರ ಪ್ರಶಂಸೆ ಕಾಣುತ್ತದೆ, ವಾದಕ್ಕೆ ಬೇಕಾದ ಅಂಶ ಕಾಣುವುದಿಲ್ಲ. ಓದುಗನು ಪ್ರಬಂಧಕಾರರನ್ನೇ ಸಂಶಯಿಸುತ್ತಾನೆ. ಇಲ್ಲವೇ ಆ ಸಾಕ್ಷ್ಯವನ್ನು ಅರ್ಧಶತಮಾನದಷ್ಟು ಈಚೆಗೆ ತಂದುಕೊಳ್ಳುತ್ತಾನೆ. ಪ್ರಬಂಧಕಾರರು ಮಾಡಿದ್ದು ಒಂದು ನಮೂದಿನ ಲೋಪ ಮಾತ್ರ. ಅದನ್ನು ಅನ್ಯಥಾ ಉಲ್ಲೇಖವನ್ನಾಗಿ ಮಾಡಿದುದು ಶೋಧನೆ. ‘ಸರ್ಗ’ ಎಂಬ ಒಂದು ಪದವನ್ನು ಹಾಗೆಯೇ ಉಳಿಸಿದ್ದರೆ ಲೋಪವು ತಾನಾಗಿಯೇ ಹೊರಬೀಳುತ್ತಿತ್ತು. ಇಂದು ಗಣಕಯಂತ್ರದಲ್ಲಿ ಹೆಸರು-ವರ್ಷಗಳನ್ನು ತಾಳೆನೋಡುವ ತಂತ್ರಾಂಶಗಳಿವೆ. ತಿದ್ದಿದ ರೂಪವನ್ನು ಅವುಗಳಿಗೆ ಒಪ್ಪಿಸಿದರೆ ಅವೂ ಇದನ್ನು ನಿರ್ದುಷ್ಟವೆಂದೇ ಬಿಡುತ್ತವೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು: ಲೋಪವಿಲ್ಲದೆಯೇ ಲೋಪವಿದೆಯೆಂದು ತೋರುವುದು. ‘ಉಪಾಧ್ಯೆ ೧೯೩೫’ ಎಂಬ ಚೀಟಿಗೆ ಸೂಚಿಯ ಉಕಾರದಲ್ಲಿ ನಮೂದು ಸಿಕ್ಕುವುದಿಲ್ಲ. ಅಕಾರಾದಿಯಲ್ಲಿ ಹೆಸರನ್ನು ಯಾವ ಅಂಗದಿಂದ ಆರಂಭಿಸಬೇಕೆಂಬ ನಿಯಮ ಪ್ರಬಂಧದಲ್ಲಿ ನಿಶ್ಚಿತವಾಗಿಲ್ಲದಿದ್ದರೆ, ಅದೇ ವಿದ್ವಾಂಸರು ‘ಆ. ನೇ. ಉಪಾಧ್ಯೆ’ ಎಂದು ಆಕಾರದಲ್ಲಿಯೋ, ‘ಎ. ಎನ್. ಉಪಾಧ್ಯೆ’ ಎಂದು ಎಕಾರದಲ್ಲಿಯೋ ಅಡಗಿರಬಹುದು. ಗ್ರಂಥನಾಮವನ್ನು ಮುಂದಿಡುವ ಪದ್ಧತಿಯಲ್ಲಿ ‘ಪ್ರವಚನಸಾರ’ ಎಂದು ಪಕಾರದಲ್ಲಿಯೂ ಇರಬಹುದು. ಕರ್ತೃವನ್ನು ಮುಂದಿಡುವುದರಲ್ಲಿ ‘ಕುಂದಕುಂದ’ ಎಂದು ಕಕಾರದಲ್ಲಿಯೂ ಇರಬಹುದು. ಆದುದರಿಂದ ಲೋಪವೆಂದು ನಿರ್ಣಯಿಸುವ ಮುನ್ನ ಕರ್ತೃ, ಸಂಪಾದಕ, ಗ್ರಂಥನಾಮ ಈ ಮೂರು ಸ್ಥಾನಗಳಲ್ಲಿಯೂ ನೋಡಬೇಕು.

ಮಾದರಿಯಲ್ಲಿ ನಮೂದು ಪಕಾರದಲ್ಲಿ ದೊರೆಯುತ್ತದೆ. ಆದರೆ ಅಲ್ಲಿರುವ ವರ್ಷ ೧೯೬೪. ಪ್ರವಚನಸಾರದ ಉಪಾಧ್ಯೆಯವರ ಆವೃತ್ತಿಯು ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ ಮುಂಬಯಿಯಿಂದ ೧೯೩೫ರಲ್ಲಿಯೂ, ಮುಂದೆ ಅಗಾಸದಿಂದ ೧೯೬೪ರಲ್ಲಿಯೂ ಹೊರಬಂದಿತು. ಉಲ್ಲೇಖಿಸಿದುದು ಗಾಥೆಯಾದರೆ ಎರಡು ಮುದ್ರಣಗಳಲ್ಲಿಯೂ ಅದೇ ಸಂಖ್ಯೆಯಲ್ಲಿ ಹುಡುಕಬಹುದು. ಪೀಠಿಕೆಯ ಪುಟವಾದರೆ ಯಾವ ಮುದ್ರಣವನ್ನು ಪ್ರಬಂಧಕಾರರು ಕೈಯಲ್ಲಿ ಹಿಡಿದಿದ್ದರೆಂಬುದು ಗೊತ್ತಾಗಲೇಬೇಕು. ಇಲ್ಲಿ ವರ್ಷಗಳಲ್ಲಿ ಒಂದನ್ನು ಇನ್ನೊಂದಕ್ಕೆ ಹೊಂದಿಸಿ ತಿದ್ದುವ ಅಧಿಕಾರ ಶೋಧಕನಿಗಿಲ್ಲ. ಕೇಳಬೇಕಾದುದು ಪ್ರಬಂಧಕಾರರನ್ನು.

ವರ್ಷದ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ಉತ್ತರಭಾರತದ ಅನೇಕ ಜೈನ ಪ್ರಕಟಣೆಗಳಲ್ಲಿ ವಿಕ್ರಮ ಸಂವತ್ತೂ ವೀರನಿರ್ವಾಣ ಸಂವತ್ತೂ ಅಚ್ಚಾಗಿರುತ್ತವೆ. ವಿಕ್ರಮ ಸಂವತ್ ೨೦೦೮ ಎಂದರೆ ಕ್ರಿ.ಶ. ೧೯೫೧-೫೨. ಸಂವತ್ತಿನ ಹೆಸರನ್ನು ಬಿಟ್ಟು ಅಂಕಿಯನ್ನು ಮಾತ್ರ ಸೂಚಿಗೆ ಇಳಿಸಿಕೊಂಡರೆ ಅದು ಕ್ರಿ.ಶ. ೨೦೦೮ರ ಮುದ್ರಣವೆಂದು ಓದಲ್ಪಡುತ್ತದೆ. ಹಿಂದಿನ ತಲೆಮಾರಿನ ಪ್ರಬಂಧಗಳಲ್ಲಿ ಈ ಭ್ರಮೆಗೆ ಅವಕಾಶವಿರಲಿಲ್ಲ. ಈಗ ಅಂಕಿಗಳೆರಡೂ ಸಂಭಾವ್ಯವಾಗಿರುವುದರಿಂದ ಅವಕಾಶವಿದೆ. ಒಬ್ಬ ಸಂಪಾದಕರ ಇತರ ಕೃತಿಗಳೆಲ್ಲ ಐವತ್ತರ ದಶಕದಲ್ಲಿದ್ದು ಒಂದು ಮಾತ್ರ ಅರುವತ್ತು ವರ್ಷ ಈಚಿನದಾಗಿ ಕಂಡರೆ ಮೊದಲು ಶಂಕಿಸಬೇಕಾದುದು ಸಂವತ್ತನ್ನು.

ಶಾಸನಗಳ ಉಲ್ಲೇಖದಲ್ಲಿ ಶೈಲಿಯ ಸಂಕರವು ಆಕರದ ವಂಶಾವಳಿಯನ್ನೇ ಬಯಲುಮಾಡುತ್ತದೆ. ಶ್ರವಣಬೆಳ್ಗೊಳದ ಶಾಸನಗಳು ಮೂರು ಸಲ ಸಂಪುಟರೂಪದಲ್ಲಿ ಬಂದಿವೆ. ಲೂಯಿಸ್ ರೈಸ್ ಅವರು ೧೮೮೯ರಲ್ಲಿ ೧೪೪ ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಅದನ್ನು ಪರಿಷ್ಕರಿಸಿ ೫೦೦ ಶಾಸನಗಳಿಗೆ ವಿಸ್ತರಿಸಿದರು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯು ೧೯೭೩ರಲ್ಲಿ ೫೭೩ ಶಾಸನಗಳ ಹೊಸ ಆವೃತ್ತಿಯನ್ನು ತಂದಿತು. ಪ್ರತಿ ಸಲವೂ ಸಂಖ್ಯೆಗಳು ಬದಲಾದವು. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ ಮಲ್ಲಿಷೇಣಪ್ರಶಸ್ತಿಯು ರೈಸ್ ಅವರಲ್ಲಿ ೫೪ನೆಯದು. ೧೯೨೩ರ ಆವೃತ್ತಿಯಲ್ಲಿ ೬೭ನೆಯದು. ಸಮಂತಭದ್ರ, ಅಕಲಂಕ ಮೊದಲಾದವರ ಸ್ತುತಿಯಿರುವ ಈ ಶಾಸನವು ಕ್ರಿ.ಶ. ೧೧೨೯ರದು.

ಮಾದರಿಯ ಪ್ರಬಂಧದ ಚೀಟಿಯಲ್ಲಿ ‘ಶ್ರ.ಬೆ. ೫೪’ ಎಂದಿದೆ; ಸೂಚಿಯಲ್ಲಿರುವುದು ೧೯೭೩ರ ಆವೃತ್ತಿ ಮಾತ್ರ. ಮೇಲ್ನೋಟಕ್ಕೆ ಇಲ್ಲಿ ಯಾವ ಲೋಪವೂ ಇಲ್ಲ. ಶಾಸನಸಂಪುಟವನ್ನು ಹೇಳಿದ್ದಾರೆ, ಸಂಖ್ಯೆಯನ್ನೂ ಕೊಟ್ಟಿದ್ದಾರೆ. ಆದರೆ ೫೪ ಎಂಬುದು ೧೮೮೯ರ ಸಂಖ್ಯೆ. ೧೯೭೩ರ ಸಂಪುಟವನ್ನು ಬಿಚ್ಚಿ ಓದಿದವರು ಈ ಸಂಖ್ಯೆಯನ್ನು ಕೊಡುತ್ತಿರಲಿಲ್ಲ. ಪ್ರಬಂಧಕಾರರು ಹಳೆಯ ಯಾವುದೋ ಲೇಖನದಿಂದ ಸಂಖ್ಯೆಯನ್ನು ಎತ್ತಿಕೊಂಡು, ಸೂಚಿಯಲ್ಲಿ ಮಾತ್ರ ಹೊಸ ಆವೃತ್ತಿಯ ಹೆಸರನ್ನು ಬರೆದಿರುವ ಸಂಭವವೇ ಹೆಚ್ಚು. ಹಾಗಿದ್ದಲ್ಲಿ ಸೂಚಿಯಿಂದ ನಿಜವಾಗಿ ಲೋಪಗೊಂಡಿರುವುದು ಆ ಹಳೆಯ ಲೇಖನ. ಲಿಪಿಕಾರನ ತಪ್ಪು ಮಾತೃಕೆಯನ್ನು ತೋರಿಸಿಕೊಡುವ ಬಗೆ ಇದೇ. ಇಲ್ಲಿ ಸಂಖ್ಯೆಯನ್ನು ಹೊಸ ಆವೃತ್ತಿಗೆ ತಕ್ಕಂತೆ ಸುಮ್ಮನೆ ತಿದ್ದಿಬಿಡುವುದು ಉಪಕಾರದಂತೆ ಕಂಡರೂ, ಮೂಲವನ್ನು ನೋಡದವರು ನೋಡಿದಂತೆ ಅದು ತೋರಿಸುತ್ತದೆ. ಕೆಲವು ಲೇಖಕರು ‘೬೭ (೫೪)’ ಎಂದು ಎರಡು ಸಂಖ್ಯೆಗಳನ್ನೂ ಕೊಡುವ ವಾಡಿಕೆಯುಂಟು. ಆವೃತ್ತಿಗಳ ವರ್ಷವನ್ನೂ ಸೇರಿಸಿದರೆ ಅದು ಅನುಕರಣೀಯ.

ಸೂತ್ರಸಂಖ್ಯೆಗಳನ್ನು ಆವೃತ್ತಿಯ ಹಂಗಿಲ್ಲದ ಉಲ್ಲೇಖಗಳೆಂದು ಭಾವಿಸುವುದೂ ಪೂರ್ಣವಾಗಿ ಸರಿಯಲ್ಲ. ತತ್ತ್ವಾರ್ಥಸೂತ್ರದ ದಿಗಂಬರ ಪಾಠದಲ್ಲಿ ೩೫೭ ಸೂತ್ರಗಳಿವೆ, ಶ್ವೇತಾಂಬರ ಪಾಠದಲ್ಲಿ ೩೪೪. ಸತ್ತಿಗೆ ಉತ್ಪಾದ, ವ್ಯಯ, ಧ್ರೌವ್ಯಗಳ ಲಕ್ಷಣವನ್ನು ಹೇಳುವ ಸೂತ್ರವು ದಿಗಂಬರ ಪಾಠದಲ್ಲಿ ೫.೩೦, ಶ್ವೇತಾಂಬರ ಪಾಠದಲ್ಲಿ ೫.೨೯. ದಿಗಂಬರ ಪಾಠದ ೫.೨೯ ದ್ರವ್ಯದ ಲಕ್ಷಣವನ್ನು ಹೇಳುವ ಬೇರೆ ಸೂತ್ರ; ಅದು ಇನ್ನೊಂದರಲ್ಲಿ ಇಲ್ಲ. ಪ್ರಬಂಧದ ಮಾತು ಉತ್ಪಾದಾದಿತ್ರಯವನ್ನು ಕುರಿತದ್ದಾಗಿ, ಉಲ್ಲೇಖ ‘ತ.ಸೂ. ೫.೨೯’ ಎಂದಾಗಿ, ಸೂಚಿಯಲ್ಲಿ ಸರ್ವಾರ್ಥಸಿದ್ಧಿಯ ಆವೃತ್ತಿ ಮಾತ್ರ ಇದ್ದರೆ, ಎರಡರಲ್ಲಿ ಒಂದು ನಡೆದಿದೆ. ಅಂಕಿ ತಪ್ಪಾಗಿ ಬಿದ್ದಿದೆ, ಅಥವಾ ಶ್ವೇತಾಂಬರ ಪಾಠದ ಮುದ್ರಣವೊಂದನ್ನು ಬಳಸಿ ಅದರ ಹೆಸರನ್ನು ಸೂಚಿಯಲ್ಲಿ ಬಿಡಲಾಗಿದೆ. ಯಾವುದೆಂದು ತಿಳಿಯಲು ಉಪಾಯವಿದೆ: ಅದೇ ಪ್ರಬಂಧದ ಇತರ ತತ್ತ್ವಾರ್ಥಸೂತ್ರ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಉಳಿದವೆಲ್ಲ ದಿಗಂಬರ ಸಂಖ್ಯೆಗಳಿಗೆ ಹೊಂದಿದರೆ ಇದು ಅಂಕಿಯ ತಪ್ಪು ಅಥವಾ ಎರವಲು ಉಲ್ಲೇಖ. ಉಳಿದವೂ ಶ್ವೇತಾಂಬರ ಸಂಖ್ಯೆಗಳಾದರೆ ಇದು ಸೂಚಿಯ ಲೋಪ.

ಅಡಿಟಿಪ್ಪಣಿಗಳಲ್ಲಿ ‘ಅದೇ’ ಎಂಬ ಪದ ಅತ್ಯಂತ ಅಪಾಯಕಾರಿ. ಅದು ತನ್ನ ಹಿಂದಿನ ಟಿಪ್ಪಣಿಯನ್ನು ಅವಲಂಬಿಸಿ ಜೀವಿಸುತ್ತದೆ. ಹನ್ನೊಂದನೆಯ ಟಿಪ್ಪಣಿ ಪ್ರವಚನಸಾರದ್ದು, ಹನ್ನೆರಡನೆಯದು ‘ಅದೇ, ಗಾಥೆ ೨೫’ ಎಂದಿರಲಿ. ತಿದ್ದುಪಡಿಯ ಸಮಯದಲ್ಲಿ ನಡುವೆ ಶಾಸನದ ಹೊಸ ಟಿಪ್ಪಣಿಯೊಂದು ಸೇರಿದರೆ ‘ಅದೇ’ ಶಾಸನವನ್ನು ಹಿಡಿದುಕೊಳ್ಳುತ್ತದೆ. ಶಾಸನಕ್ಕೆ ಗಾಥೆಯಿಲ್ಲವಾದುದರಿಂದ ಈ ತಪ್ಪು ಕಣ್ಣಿಗೆ ಬೀಳುತ್ತದೆ. ಎರಡೂ ಕಡೆ ಪುಟಸಂಖ್ಯೆಯೇ ಇದ್ದರೆ ಬೀಳುವುದಿಲ್ಲ. ಆದುದರಿಂದ ಚೀಟಿ ಬರೆಯುವಾಗ ಪ್ರತಿಯೊಂದು ‘ಅದೇ’ಯ ಪಕ್ಕದಲ್ಲಿಯೂ ಆ ಹೊತ್ತಿಗೆ ಅದು ಸೂಚಿಸುವ ಗ್ರಂಥದ ಪೂರ್ಣನಾಮವನ್ನು ಗುರುತಿಸಿಟ್ಟುಕೊಳ್ಳಬೇಕು, ಪ್ರಬಂಧಕಾರರ ಮೊದಲ ಕರಡು ಲಭ್ಯವಿದ್ದರೆ ಅದರೊಡನೆ ಹೋಲಿಸಬೇಕು.

ಒಳಗಿನಿಂದ ಸೂಚಿಗೆ ಹೋದ ಮೇಲೆ ಸೂಚಿಯಿಂದ ಒಳಕ್ಕೂ ಬರಬೇಕು. ಚೀಟಿ ಸಿಗದ ನಮೂದುಗಳಿಗೆ ಗುರುತು ಹಾಕುವುದು ಈ ಎರಡನೆಯ ಹಂತ. ಆದರೆ ಇಲ್ಲಿ ಸೂಚಿಯ ತಲೆಬರಹವನ್ನು ಗಮನಿಸುವುದು ಅವಶ್ಯ. ‘ಉಲ್ಲೇಖಿತ ಗ್ರಂಥಗಳು’ ಎಂದಿದ್ದರೆ ಚೀಟಿಯಿಲ್ಲದ ನಮೂದು ಪ್ರಶ್ನಾರ್ಹ. ‘ಪರಾಮರ್ಶನ ಗ್ರಂಥಗಳು’ ಎಂದಿದ್ದರೆ ಲೇಖಕರು ಓದಿ, ಉಲ್ಲೇಖಿಸದೆ ಬಿಟ್ಟ ಗ್ರಂಥಗಳೂ ಅಲ್ಲಿ ಇರಬಹುದು. ಮಾದರಿಯಲ್ಲಿ ಚೀಟಿಯಿಲ್ಲದೆ ಉಳಿದ ನಮೂದುಗಳಲ್ಲಿ ಹಳೆಯ ಲೇಖನವೊಂದಿದ್ದು, ಅದರಲ್ಲಿ ಮಲ್ಲಿಷೇಣಪ್ರಶಸ್ತಿಯನ್ನು ೫೪ ಎಂದೇ ಉಲ್ಲೇಖಿಸಿದ್ದರೆ, ಮೇಲೆ ಊಹಿಸಿದ ಮಾತೃಕೆಯೂ ದೊರೆತಂತಾಯಿತು. ಒಂದು ಕಡೆಯ ಅಧಿಕವು ಇನ್ನೊಂದು ಕಡೆಯ ನ್ಯೂನತೆಗೆ ಉತ್ತರವಾಗುವುದು ಹೀಗೆ. ಆ ಕಾರಣದಿಂದಲೇ ಚೀಟಿಯಿಲ್ಲದ ನಮೂದುಗಳನ್ನು ಕೂಡಲೇ ಹೊಡೆದುಹಾಕಬಾರದು.

ಈ ಶೋಧನೆಯ ಮಿತಿಯನ್ನೂ ಹೇಳಬೇಕು. ಚೀಟಿಯೂ ಸೂಚಿಯೂ ಪರಸ್ಪರ ಹೊಂದಿದ ಮಾತ್ರಕ್ಕೆ ಉಲ್ಲೇಖವು ಸತ್ಯವೆಂದಾಗುವುದಿಲ್ಲ. ಹೇಳಿದ ಸ್ಥಾನದಲ್ಲಿ ಹೇಳಿದ ವಿಷಯವಿದೆಯೇ ಎಂಬುದನ್ನು ಗ್ರಂಥವನ್ನು ತೆರೆದೇ ನೋಡಬೇಕು. ಎಲ್ಲವನ್ನೂ ತೆರೆದು ನೋಡುವಷ್ಟು ಕಾಲವಾಗಲಿ ಗ್ರಂಥಗಳಾಗಲಿ ಎಲ್ಲ ಶೋಧಕರಿಗೂ ಇರುವುದಿಲ್ಲ. ಯಾವುದನ್ನು ಮೊದಲು ತೆರೆಯಬೇಕೆಂಬುದನ್ನು ಶೈಲಿಯ ಸಂಕರವೇ ಸೂಚಿಸುತ್ತದೆ: ಗುಂಪಿನಿಂದ ಬೇರೆಯಾಗಿ ನಿಂತ ಉಲ್ಲೇಖ, ವರ್ಷವಿಲ್ಲದ ಉಲ್ಲೇಖ, ಆವೃತ್ತಿಗೆ ಹೊಂದದ ಸಂಖ್ಯೆ.

ಹೀಗೆ ಹೋಲಿಕೆ ಮುಗಿದು, ಪ್ರಶ್ನೆಗಳಿಗೆ ಪ್ರಬಂಧಕಾರರ ಉತ್ತರ ಬಂದ ಮೇಲೆ ಶೈಲಿಯನ್ನು ಏಕರೂಪಕ್ಕೆ ತರಬಹುದು. ಆಗಲೂ ಒಂದೇ ಪದ್ಧತಿಯನ್ನು ಎಲ್ಲಕ್ಕೂ ಹೇರುವುದು ಉಚಿತವಲ್ಲ. ಮೂಲಗ್ರಂಥಗಳಿಗೆ ಗ್ರಂಥನಾಮವೂ ಪರ್ವ, ಸರ್ಗ, ಗಾಥೆ, ಸೂತ್ರಗಳ ಸಂಖ್ಯೆಯೂ, ಶಾಸನಗಳಿಗೆ ಆವೃತ್ತಿಯ ವರ್ಷದೊಡನೆ ಸಂಖ್ಯೆಯೂ, ಆಧುನಿಕ ಅಧ್ಯಯನಗಳಿಗೆ ಕರ್ತೃ ಮತ್ತು ವರ್ಷವೂ ಇರಲಿ. ಸೂಚಿಯೂ ಇದೇ ಮೂರು ಭಾಗಗಳಾಗಿರಲಿ. ಈ ಏರ್ಪಾಟಿನಲ್ಲಿ ಏಳನೆಯ ಪುಟದ ಉಲ್ಲೇಖವು ‘ಹರಿವಂಶಪುರಾಣ, ಸರ್ಗ ೧’ ಎಂದಾಗುತ್ತದೆ. ಮೂರನೆಯ ಪುಟದ್ದು ‘ಆದಿಪುರಾಣ, ಪರ್ವ ೧’ ಎಂದಾಗುತ್ತದೆ. ಇಬ್ಬರು ಜಿನಸೇನರೂ ತಮ್ಮ ತಮ್ಮ ಕಾಲದಲ್ಲಿ ನಿಲ್ಲುತ್ತಾರೆ; ೭೮೩ರ ಸಾಕ್ಷ್ಯವು ೭೮೩ರದೇ ಆಗಿ ಉಳಿಯುತ್ತದೆ.